ಹಂತದ ಹಣ ಯಾರ ಕೈಯಲ್ಲಿರಬೇಕು? ಫ್ರೀಲ್ಯಾನ್ಸ್ ಕೆಲಸಕ್ಕೆ ನಾಲ್ಕು ದಾರಿಗಳ ಹೋಲಿಕೆ

ಫ್ರೀಲ್ಯಾನ್ಸ್ ಕೆಲಸದ ಮಾತು ಶುರುವಾದ ಕೂಡಲೇ ಎಲ್ಲರೂ ಕೇಳುವುದು "ಮುಂಗಡ ಎಷ್ಟು?" ಅಂತ. ನನ್ನ ಲೆಕ್ಕದಲ್ಲಿ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬೇರೆ: ಕೆಲಸದ ನಡುವೆ ಒಬ್ಬರು ಸುಮ್ಮನಾಗಿಬಿಟ್ಟರೆ ಹಣ ಯಾರ ಕಡೆ ಹೋಗುತ್ತದೆ?

ಜಗಳ ಮಾಡುವ ಗಿರಾಕಿ ಕಡಿಮೆ. ಉತ್ತರ ಕೊಡದ ಗಿರಾಕಿ ಜಾಸ್ತಿ. ಕೆಲಸ ಮಾಡುವವರೂ ಹಾಗೆಯೇ, ಮೋಸ ಮಾಡುವವರಿಗಿಂತ ಫೋನ್ ಎತ್ತದವರೇ ಹೆಚ್ಚು. ಹಂತ ಹಂತವಾಗಿ ಹಣ ಇಟ್ಟು ಬಿಡಿಸಿಕೊಳ್ಳುವ ವ್ಯವಸ್ಥೆಗಳು ಹಲವು ಇವೆ. ಅವು ಒಂದಕ್ಕೊಂದು ನಿಜವಾಗಿ ಬೇರೆಯಾಗುವುದು ಈ ಮೌನದ ಜಾಗದಲ್ಲಿ. ಶುಲ್ಕ, ಶೇಕಡಾವಾರು ಎಲ್ಲ ಆಮೇಲೆ.

ಒಂದು ಆರ್ಡರ್ ಇಟ್ಟುಕೊಂಡು ನೋಡೋಣ. ಶಿರಸಿಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಪಕ್ಕ ಒಬ್ಬರು ಮೂರು ಕೋಣೆಯ ಹೋಮ್‌ಸ್ಟೇ ನಡೆಸುತ್ತಾರೆ. ಕಾರವಾರದಲ್ಲಿರುವ ಒಬ್ಬ ಹುಡುಗಿ ವೆಬ್‌ಸೈಟ್ ಮಾಡಿಕೊಡುತ್ತಾಳೆ. ಬುಕಿಂಗ್, ಆನ್‌ಲೈನ್ ಪೇಮೆಂಟ್ ಎಲ್ಲ ಸೇರಿ 60,000 ರೂಪಾಯಿಗೆ ಮಾತಾಗಿದೆ. ಮಾತಾದದ್ದು ಜೂನ್‌ನಲ್ಲಿ. ದಸರಾ ರಜೆಗೆ ಮೊದಲು ಸೈಟ್ ಓಡಬೇಕು.

ನಮ್ಮ ಕಡೆಯವರಿಗೆ ಈ ತಿಂಗಳುಗಳು ಗೊತ್ತು. ಮಳೆ ನಡುವೆ ಎರಡು ದಿನ ಬಿಸಿಲು ಕಂಡರೆ ಯಜಮಾನರು ಕೊಳೆ ರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿರುತ್ತಾರೆ. ಆಗ ವಿನ್ಯಾಸ ತೋರಿಸಿದರೆ "ಔಷಧಿ ಒಂದು ಮುಗೀಲಿ ತಂಗಿ, ಆಮೇಲೆ ನೋಡ್ತೇನೆ" ಅನ್ನುತ್ತಾರೆ. ಮಳೆ ಜೋರಾದರೆ ಕರೆಂಟು, ನೆಟ್‌ವರ್ಕು ಎರಡೂ ಹೋಗಿ ಈ ಕಡೆ ಹುಡುಗಿಯೇ ನಾಪತ್ತೆ. ಇಬ್ಬರಲ್ಲೂ ಮೋಸವಿಲ್ಲ. ಆದರೂ ದುಡ್ಡು ನಿಲ್ಲುತ್ತದೆ, ಅನುಮಾನ ಶುರುವಾಗುತ್ತದೆ.

ಅರ್ಧ ಮೊದಲು, ಅರ್ಧ ಕೊನೆಗೆ

ಎಲ್ಲರೂ ಮಾಡುವುದು ಇದನ್ನೇ. 30,000 ಮುಂಗಡ, ಉಳಿದ 30,000 ಸೈಟ್ ಕೊಟ್ಟ ಮೇಲೆ. ಲೆಕ್ಕ ಸುಲಭ, ಶುಲ್ಕ ಇಲ್ಲ, ಕಾಗದವೂ ಬೇಡ.

ತೊಂದರೆ ಎಲ್ಲಿದೆ ಅಂದರೆ, ಮೊದಲ ದಿನವೇ ಯಜಮಾನರ 30,000 ಹೊರಗೆ ಹೋಗಿ ಕೂತಿದೆ, ಕೈಯಲ್ಲಿ ಏನೂ ಇಲ್ಲ. ಕೊನೆಯ ದಿನ ಹುಡುಗಿಯ 30,000ದಷ್ಟು ಕೆಲಸ ಅವರ ಕೈಯಲ್ಲಿದೆ, ದುಡ್ಡು ಬಂದಿಲ್ಲ. ಯಾರು ಯಾವಾಗ ಸುಮ್ಮನಾದರೂ ಎದುರಿನವರಿಗೆ ದೊಡ್ಡ ಪೆಟ್ಟು. ಕೆಲಸ ಒಂದು ವಾರದೊಳಗೆ ಮುಗಿಯುವಂಥದ್ದಾದರೆ, ಉದಾಹರಣೆಗೆ ಒಂದು ಲೋಗೊ ಅಥವಾ ಉಪ್ಪಿನಕಾಯಿ ಬಾಟಲಿಯ ಲೇಬಲ್, ಈ ದಾರಿ ಸಾಕು. ಮೂರು ತಿಂಗಳ ಕೆಲಸಕ್ಕೆ ಬೇಡ.

ನೇರವಾಗಿ, ಪ್ರತಿ ಹಂತಕ್ಕೂ ಅರ್ಧ ಮುಂಗಡ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಂದೇ ಜಿಲ್ಲೆಯ, ಮುಖಪರಿಚಯ ಇರುವ ಇಬ್ಬರಿಗೆ ನಾನು ಹೇಳುವುದು ಇದೇ ದಾರಿ. ಮೊದಲು ಕೆಲಸವನ್ನು ಹೀಗೆ ಒಡೆಯಬೇಕು:

| ಹಂತ | ಕೈಗೆ ಬರುವುದು | ರೂಪಾಯಿ |
|---|---|---|
| 1 | ಮೂರು ಪುಟಗಳ ವಿನ್ಯಾಸ, ಫೋನಿನ ಅಳತೆಯಲ್ಲಿ | 12,000 |
| 2 | ಎಲ್ಲ ಪುಟಗಳೂ ಪರೀಕ್ಷಾ ವಿಳಾಸದಲ್ಲಿ | 18,000 |
| 3 | ಬುಕಿಂಗ್ ಮತ್ತು ಪೇಮೆಂಟ್, ಟೆಸ್ಟ್ ಮೋಡಿನಲ್ಲಿ | 20,000 |
| 4 | ಸ್ವಂತ ವಿಳಾಸಕ್ಕೆ ಸಾಗಿಸಿ ಪಾಸ್‌ವರ್ಡ್ ಒಪ್ಪಿಸುವುದು | 10,000 |

ಪ್ರತಿ ಹಂತಕ್ಕೆ ಅರ್ಧ ಮೊದಲು, ಅರ್ಧ ಒಪ್ಪಿದ ಮೇಲೆ. ಹಿಂದಿನ ಹಂತದ ಬಾಕಿ, ಮುಂದಿನ ಹಂತದ ಮುಂಗಡ ಎರಡನ್ನೂ ಒಟ್ಟಿಗೆ ಕೊಟ್ಟರೆ ಐದೇ ಸಲ ಹಣ ಹಾಕಿದರಾಯಿತು: 6,000, 15,000, 19,000, 15,000, ಕೊನೆಗೆ 5,000.

ಈಗ ಅಪಾಯ ಎಷ್ಟು ನೋಡಿ. ದೊಡ್ಡ ಹಂತ ಮೂರನೆಯದು, 20,000. ಅದು ಶುರುವಾಗುವಾಗ ಯಜಮಾನರು ಕೆಲಸ ಸಿಗದೆ ಹೊರಗೆ ಕೊಟ್ಟಿರುವುದು 10,000. ಅದು ಮುಗಿದಾಗ ಹುಡುಗಿ ದುಡ್ಡು ಸಿಗದೆ ಮಾಡಿರುವ ಕೆಲಸವೂ 10,000ದ್ದೇ. ಇದಕ್ಕಿಂತ ಜಾಸ್ತಿ ಯಾರಿಗೂ ಯಾವಾಗಲೂ ಸಿಕ್ಕಿಬೀಳುವುದಿಲ್ಲ. ಅರ್ಧ-ಅರ್ಧದ ದಾರಿಯಲ್ಲಿ ಇದ್ದ 30,000 ಮೂರನೇ ಒಂದು ಭಾಗಕ್ಕೆ ಇಳಿಯಿತು, ಅದೂ ಯಾರಿಗೂ ಒಂದು ಪೈಸೆ ಶುಲ್ಕ ಕೊಡದೆ.

ಆದರೆ ಇಲ್ಲಿ ಹಣ ಹಿಡಿದಿಡುವವರು ಯಾರೂ ಇಲ್ಲ. ಅದಕ್ಕೆ ಬದಲಾಗಿ ಇಬ್ಬರ ಕೈಯಲ್ಲೂ ಒಂದೊಂದು ಹಿಡಿತ ಇರಬೇಕು. ಯಜಮಾನರ ಹಿಡಿತ ಡೊಮೈನ್, ಅಂದರೆ ಸೈಟಿನ ವಿಳಾಸ. ಅದನ್ನು ಮೊದಲ ದಿನವೇ ಅವರ ಇಮೇಲ್‌ನಿಂದ, ಅವರ ದುಡ್ಡಿನಲ್ಲಿ ಕೊಳ್ಳಬೇಕು. ಒಟಿಪಿ ಬರುವುದು ಅವರ ಫೋನಿಗೇ. "ನಾನೇ ತಗೊಂಡು ಕೊಡ್ತೇನೆ" ಅಂತ ಡೆವಲಪರ್ ತನ್ನ ಖಾತೆಯಲ್ಲಿ ಕೊಂಡರೆ ಮುಂದೆ ಜಗಳ ಬಂದಾಗ ವಿಳಾಸವೇ ಒತ್ತೆಯಾಗುತ್ತದೆ. ಹುಡುಗಿಯ ಹಿಡಿತ ಪರೀಕ್ಷಾ ವಿಳಾಸ. ಮೂರನೇ ಹಂತದ ಬಾಕಿ ಬರುವವರೆಗೆ ಸೈಟು ಅವಳ ಸರ್ವರಿನಲ್ಲಿಯೇ ಇರುತ್ತದೆ. ಯಜಮಾನರು ಎಷ್ಟು ಬೇಕಾದರೂ ತೆರೆದು ನೋಡಬಹುದು, ಒತ್ತಿ ಪರೀಕ್ಷಿಸಬಹುದು. ಸ್ವಂತ ವಿಳಾಸಕ್ಕೆ ಹೋಗುವುದು ಆಮೇಲೆ.

ಹಣ ಹಾಕುವಾಗ ಯುಪಿಐ ಟಿಪ್ಪಣಿಯಲ್ಲಿ "ಹಂತ 1 ಬಾಕಿ, ಹಂತ 2 ಮುಂಗಡ" ಅಂತ ಬರೆದುಬಿಡಿ. ಬಂತೋ ಇಲ್ಲವೋ ಅನ್ನುವುದಕ್ಕೆ ಸ್ಕ್ರೀನ್‌ಶಾಟ್ ನಂಬಬೇಡಿ, ಬ್ಯಾಂಕ್ ಖಾತೆಯನ್ನೇ ನೋಡಿ. ಗಿರಾಕಿ ಕಂಪನಿಯಾದರೆ ಇನ್ನೊಂದು ಮಾತು. ಒಬ್ಬರಿಗೆ ಕೊಡುವ ವೃತ್ತಿಪರ ಶುಲ್ಕ ವರ್ಷಕ್ಕೆ 50,000 ದಾಟಿದರೆ ಅವರು ಸಾಮಾನ್ಯವಾಗಿ ಶೇ. 10 ಟಿಡಿಎಸ್ ಹಿಡಿದು ಕೊಡುತ್ತಾರೆ. ಹಂತದ ಹಣ ಕಡಿಮೆ ಬಂತು ಅಂತ ಜಗಳಕ್ಕೆ ಹೋಗುವ ಮೊದಲು ಅದನ್ನು ಕೇಳಿ.

"ಅರ್ಧ ಕೆಲಸ ಆಯ್ತು" ಅನ್ನುವುದು ಹಂತವಲ್ಲ

ಯಾವ ದಾರಿ ಹಿಡಿದರೂ ಹಂತವನ್ನು ಸರಿಯಾಗಿ ಬರೆಯದಿದ್ದರೆ ಉಪಯೋಗ ಇಲ್ಲ. "ವೆಬ್‌ಸೈಟ್ ಶೇ. 50 ಮುಗಿದಾಗ" ಅಂತ ಬರೆದ ಒಪ್ಪಂದಗಳನ್ನು ನೋಡಿದರೆ ನನಗೆ ನಗು ಬರುತ್ತದೆ. ಯಾರ ಶೇ. 50? ಹುಡುಗಿಗೆ ಒಳಗಿನ ಕೋಡ್ ಮುಗಿದರೆ ಅರ್ಧ. ಯಜಮಾನರಿಗೆ ಹೋಮ್‌ಸ್ಟೇಯ ಫೋಟೋ ಪರದೆಯ ಮೇಲೆ ಕಾಣುವವರೆಗೆ ಸೊನ್ನೆ.

ಗಿರಾಕಿ ತನ್ನ ಫೋನಿನಲ್ಲಿ ತಾನೇ ನೋಡಿ ಹೌದು ಅಥವಾ ಇಲ್ಲ ಅನ್ನಲು ಆಗುವಂತೆ ಬರೆಯಬೇಕು. ಮೂರನೇ ಹಂತವನ್ನೇ ತೆಗೆದುಕೊಳ್ಳಿ. ನಾನು ಬರೆದರೆ ಹೀಗೆ ಬರೆಯುತ್ತೇನೆ: "ಎರಡು ಫೋನಿನಿಂದ ಒಂದೇ ಕೋಣೆಯನ್ನು ಒಂದೇ ದಿನಾಂಕಕ್ಕೆ ಬುಕ್ ಮಾಡಲು ಹೋದರೆ ಒಬ್ಬರಿಗೆ ಮಾತ್ರ ಸಿಗಬೇಕು. ಪೇಮೆಂಟ್ ಆದರೆ ಬುಕ್ ಮಾಡಿದವರಿಗೂ ಯಜಮಾನರಿಗೂ ಇಮೇಲ್ ಹೋಗಬೇಕು. ಪೇಮೆಂಟ್ ಆಗದಿದ್ದರೆ ಕೋಣೆ ಮತ್ತೆ ಖಾಲಿ ಎಂದು ಕಾಣಬೇಕು."

ಇದನ್ನು ಪರೀಕ್ಷಿಸಲು ಯಜಮಾನರಿಗೆ ಕೋಡ್ ಗೊತ್ತಿರಬೇಕಾಗಿಲ್ಲ. ಪೇಮೆಂಟಿಗೆ ರೇಜರ್‌ಪೇ ಅನ್ನುವ ಗೇಟ್‌ವೇ, ಅಂದರೆ ಆನ್‌ಲೈನಿನಲ್ಲಿ ಹಣ ತೆಗೆದುಕೊಳ್ಳುವ ಸೇವೆ, ಹಾಕಿದ್ದಾರೆ ಅಂತಿಟ್ಟುಕೊಳ್ಳಿ. ಅದರ ಟೆಸ್ಟ್ ಮೋಡಿನಲ್ಲಿ ನಿಜವಾದ ದುಡ್ಡು ಹೋಗುವುದಿಲ್ಲ. ಯುಪಿಐ ಐಡಿ ಕೇಳುವ ಜಾಗದಲ್ಲಿ ಇವನ್ನು ಟೈಪ್ ಮಾಡಿದರೆ ಮೊದಲನೆಯದಕ್ಕೆ ಪೇಮೆಂಟ್ ಆದಂತೆ, ಎರಡನೆಯದಕ್ಕೆ ತಪ್ಪಿಹೋದಂತೆ ನಡೆಯುತ್ತದೆ:

```
success@razorpay
failure@razorpay
```

ಎರಡನೆಯದನ್ನು ಹಾಕಿ ನೋಡುವವರು ಕಡಿಮೆ. ಆದರೆ ತಪ್ಪು ಅಡಗಿರುವುದು ಸಾಮಾನ್ಯವಾಗಿ ಅಲ್ಲೇ. ಪೇಮೆಂಟ್ ಆಗಲಿಲ್ಲ, ಕೋಣೆ ಮಾತ್ರ ಬುಕ್ ಆಗಿ ಕೂತಿದೆ. ದಸರಾ ರಜೆಯಲ್ಲಿ ಇದು ಆದರೆ ಖಾಲಿ ಕೋಣೆ ಇಟ್ಟುಕೊಂಡು ಬಂದವರನ್ನು ವಾಪಸ್ ಕಳಿಸಬೇಕಾಗುತ್ತದೆ.

ಮೂರನೇ ಹಂತದಲ್ಲಿ "ಟೆಸ್ಟ್ ಮೋಡಿನಲ್ಲಿ" ಅಂತ ಬರೆದದ್ದಕ್ಕೂ ಕಾರಣ ಇದೆ. ನಿಜವಾದ ಪೇಮೆಂಟ್ ಶುರುವಾಗಲು ಗೇಟ್‌ವೇ ಕಂಪನಿಗೆ ಯಜಮಾನರ ಪ್ಯಾನ್, ಬ್ಯಾಂಕ್ ಖಾತೆ ಇತ್ಯಾದಿ ಕೊಡಬೇಕು. ಸೈಟಿನಲ್ಲಿ ಷರತ್ತು, ಗೌಪ್ಯತೆ, ರದ್ದತಿ ಮತ್ತು ಹಣ ವಾಪಸಾತಿ, ಸಂಪರ್ಕ ಇವುಗಳ ಪುಟಗಳೂ ಇರಬೇಕು. ಅವರು ನೋಡಿ ಒಪ್ಪಿದ ಮೇಲೆಯೇ ಲೈವ್. ಈ ಒಪ್ಪಿಗೆ ಹುಡುಗಿಯ ಕೈಯಲ್ಲಿಲ್ಲ. "ಮೊದಲ ನಿಜವಾದ ಬುಕಿಂಗ್ ಬಂದಾಗ 20,000" ಅಂತ ಬರೆದರೆ, ಯಜಮಾನರು ಪ್ಯಾನ್ ಕಾರ್ಡ್ ಹುಡುಕುವವರೆಗೆ ಅವಳ ದುಡ್ಡು ನಿಂತಿರುತ್ತದೆ. ಆದ್ದರಿಂದ ಮೂರನೇ ಹಂತ ಟೆಸ್ಟಿಗೇ ಮುಗಿಯಬೇಕು. ಲೈವ್ ಮಾಡುವ ಕೆಲಸ ನಾಲ್ಕನೇ ಹಂತಕ್ಕೆ ಹೋಗಬೇಕು. ಗೇಟ್‌ವೇ ಒಪ್ಪಿಗೆ 30 ದಿನದಲ್ಲಿ ಬರದಿದ್ದರೆ ಉಳಿದ ಪಾಸ್‌ವರ್ಡುಗಳನ್ನು ಒಪ್ಪಿಸಿ ಹಂತ ಮುಗಿಸಬಹುದು, ಲೈವ್ ಮಾಡುವುದನ್ನು ಆಮೇಲೆ ಉಚಿತವಾಗಿ ಮಾಡಿಕೊಡಬೇಕು ಅಂತ ಒಂದು ಸಾಲು ಸೇರಿಸಿ. ಲೈವ್ ಆಯಿತೋ ಇಲ್ಲವೋ ತಿಳಿಯಲು ಸೈಟಿಗೆ ಹಾಕಿದ ರೇಜರ್‌ಪೇ ಕೀ ನೋಡಿದರೆ ಸಾಕು. `rzp_test_` ಅಂತ ಶುರುವಾದರೆ ಇನ್ನೂ ಪರೀಕ್ಷೆ, `rzp_live_` ಅಂತ ಇದ್ದರೆ ನಿಜವಾದದ್ದು.

ಇದೇ ರೀತಿ ಗಿರಾಕಿ ಕೊಡಬೇಕಾದದ್ದನ್ನೂ ಹಂತದೊಳಗೆ ಬರೆಯಿರಿ. ಕೋಣೆಯ ಫೋಟೋ, ದರ, ಊಟದ ವಿವರ. ಇವು ಯಾವ ತಾರೀಕಿಗೆ ಬರುತ್ತವೋ ಅಲ್ಲಿಂದ ಎರಡನೇ ಹಂತದ ದಿನ ಎಣಿಸಬೇಕು.

ಮೌನಕ್ಕೆ ಒಂದು ಸಾಲು

ನೇರ ಒಪ್ಪಂದದಲ್ಲಿ ಎಲ್ಲರೂ ಮರೆಯುವ ಸಾಲು ಇದು: "ಕೆಲಸ ಕೊಟ್ಟ ದಿನದಿಂದ 10 ದಿನದೊಳಗೆ ಬದಲಾವಣೆ ಇದ್ದರೆ ಒಂದೇ ಪಟ್ಟಿಯಲ್ಲಿ ಬರೆದು ಕಳಿಸಬೇಕು. ಏನೂ ಬರದಿದ್ದರೆ ಆ ಹಂತ ಒಪ್ಪಿದಂತೆ." ಒಂದೇ ಪಟ್ಟಿ ಅನ್ನುವುದು ಮುಖ್ಯ. ಬೆಳಿಗ್ಗೆ ಒಂದು, ರಾತ್ರಿ ಒಂದು ಅಂತ ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಬರುತ್ತಿದ್ದರೆ ಯಾವ ಹಂತವೂ ಮುಗಿಯುವುದಿಲ್ಲ.

ಹಾಗೆಯೇ ಈ ಕಡೆಯಿಂದ: "ಹೇಳಿದ ದಿನ ಕಳೆದು 10 ದಿನವಾದರೂ ಕೆಲಸ ಕೊಡದೆ, ಉತ್ತರವನ್ನೂ ಕೊಡದಿದ್ದರೆ ಆ ಹಂತದ ಮುಂಗಡ ವಾಪಸ್." ಮಳೆಗಾಲದಲ್ಲಿ ಮಾಡುವ ಒಪ್ಪಂದವಾದರೆ 10ರ ಬದಲು 15 ಹಾಕಿ. ಕರೆಂಟಿಲ್ಲದ ನಾಲ್ಕು ದಿನವನ್ನು ಮೋಸ ಅಂತ ಯಾರೂ ತಿಳಿಯಬಾರದಲ್ವಾ?

ಇದು ನಾವು ಕಂಡುಹಿಡಿದ ನಿಯಮವೇನೂ ಅಲ್ಲ. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯಲ್ಲಿಯೇ ಇದೆ. ಸೇವೆ ಕೊಟ್ಟು 15 ದಿನದೊಳಗೆ ಗಿರಾಕಿ ಬರವಣಿಗೆಯಲ್ಲಿ ತಕರಾರು ಮಾಡದಿದ್ದರೆ ಅದನ್ನು ಒಪ್ಪಿದಂತೆಯೇ ಲೆಕ್ಕ. ಒಪ್ಪಿದ ಮೇಲೆ, ಬರೆದ ಒಪ್ಪಂದ ಇದ್ದರೂ ಹಣ ಕೊಡಲು 45 ದಿನಕ್ಕಿಂತ ಹೆಚ್ಚು ಗಡುವು ಇಡುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದರ ಲಾಭ ಬೇಕಾದರೆ ಕೆಲಸ ಮಾಡುವವರು ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಂಡಿರಬೇಕು. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಆಗುತ್ತದೆ, ಸರ್ಕಾರಕ್ಕೆ ದುಡ್ಡು ಕಟ್ಟಬೇಕಾಗಿಲ್ಲ. ಬಾಕಿ ಉಳಿದರೆ ಸರ್ಕಾರದ ಆನ್‌ಲೈನ್ ಪೋರ್ಟಲಿನಲ್ಲಿ ದೂರು ಕೊಡಬಹುದು. 5,000 ರೂಪಾಯಿಗೆ ಯಾರೂ ಅಲ್ಲಿಯವರೆಗೆ ಹೋಗುವುದಿಲ್ಲ, ಸರಿ. ಆದರೆ ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆ ಕಂಡರೆ ಕಂಪನಿಗಳ ಅಕೌಂಟ್ಸ್ ವಿಭಾಗ ಆ ಬಿಲ್ಲನ್ನು ಸುಮ್ನೆ ಬದಿಗಿಡುವುದು ಕಡಿಮೆ.

ವೇದಿಕೆಯ ಮೂಲಕ: ಎಸ್ಕ್ರೋ

ಈಗ ಗಿರಾಕಿಯನ್ನು ಬದಲಾಯಿಸೋಣ. ಗೋಕರ್ಣದಲ್ಲಿ ಒಂದು ಚಳಿಗಾಲ ಕಳೆದು ಊರಿಗೆ ಮರಳಿದ ವಿದೇಶಿಯೊಬ್ಬರು ತಮ್ಮ ಯೋಗ ತರಗತಿಗೆ ಅದೇ ಹುಡುಗಿಯಿಂದ ಸೈಟ್ ಮಾಡಿಸಬೇಕು ಅನ್ನುತ್ತಾರೆ. ಅವರು ಹಣ ಕೊಡದಿದ್ದರೆ ಕಾರವಾರದಿಂದ ಏನೂ ಮಾಡಲಾಗದು. ಅವರಿಗೂ ಇವಳ ಮೇಲೆ ಹಿಡಿತವಿಲ್ಲ. ಇಂಥ ಕಡೆ ನಡುವೆ ಹಣ ಹಿಡಿದಿಡುವವರು ಬೇಕೇ ಬೇಕು. ಹೀಗೆ ಹಿಡಿದಿಡುವುದಕ್ಕೇ ಎಸ್ಕ್ರೋ ಅನ್ನುವುದು. ಫ್ರೀಲ್ಯಾನ್ಸ್ ಕೆಲಸ ಸಿಗುವ ವೇದಿಕೆಗಳಾದ ಅಪ್‌ವರ್ಕ್, ಫೈವರ್, ಫ್ರೀಲ್ಯಾನ್ಸರ್ ಡಾಟ್ ಕಾಮ್ ಮೂರೂ ಇದನ್ನು ಮಾಡುತ್ತವೆ. ಮೂರರ ಮೌನದ ನಿಯಮ ಮಾತ್ರ ಬೇರೆ ಬೇರೆ. ವೇದಿಕೆಗಳು ನಿಯಮ ಬದಲಾಯಿಸುತ್ತಲೇ ಇರುತ್ತವೆ, ಆರ್ಡರ್ ಮಾಡುವ ದಿನ ಅವರ ಸಹಾಯ ಪುಟ ಒಮ್ಮೆ ಓದಿ.

ಅಪ್‌ವರ್ಕ್‌ನ ನಿಗದಿತ ಬೆಲೆಯ ಕೆಲಸದಲ್ಲಿ ಗಿರಾಕಿ ಒಂದು ಹಂತದ ಹಣವನ್ನು ಮೊದಲೇ ಎಸ್ಕ್ರೋದಲ್ಲಿ ಇಡುತ್ತಾರೆ. ಕೆಲಸ ಸಲ್ಲಿಸಿದ ಮೇಲೆ ಅವರಿಗೆ 14 ದಿನ ಸಮಯ. ಒಪ್ಪಲೂ ಇಲ್ಲ, ಬದಲಾವಣೆಯನ್ನೂ ಕೇಳಲಿಲ್ಲ ಅಂದರೆ ಹಣ ತಾನಾಗಿ ಬಿಡುಗಡೆಯಾಗುತ್ತದೆ. ಆಮೇಲೆ 5 ದಿನ ಭದ್ರತೆಗೆಂದು ತಡೆದು, ನಂತರ ತೆಗೆಯಲು ಬಿಡುತ್ತಾರೆ. ಅಂದರೆ ಗಿರಾಕಿಯ ಮೌನ ಕೆಲಸ ಮಾಡಿದವರ ಪರ.

ಇದರಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಫೈಲನ್ನು ಚಾಟಿನಲ್ಲಿ ಕಳಿಸಿ "ಆಯ್ತು ನೋಡಿ" ಅಂದರೆ 14 ದಿನದ ಎಣಿಕೆ ಶುರುವಾಗುವುದಿಲ್ಲ. ಹಂತದ ಎದುರು ಇರುವ `Submit work` ಒತ್ತಿಯೇ ಸಲ್ಲಿಸಬೇಕು. ಗಿರಾಕಿಗೂ ಅದೇ ಮಾತು: ಇಷ್ಟವಾಗದಿದ್ದರೆ ಚಾಟಿನಲ್ಲಿ ಬರೆದರೆ ಸಾಲದು, `Request changes` ಒತ್ತಬೇಕು. ಕೆಲಸ ಶುರು ಮಾಡುವ ಮೊದಲು ಹಂತದ ಮುಂದೆ `Active & Funded` ಅಂತ ಇದೆಯೇ ನೋಡಿ. ಒಂದನೇ ಹಂತಕ್ಕೆ ಹಣ ಇಟ್ಟರು ಅಂದರೆ ಎರಡನೆಯದಕ್ಕೂ ಇಟ್ಟರು ಅಂತ ಅರ್ಥವಲ್ಲ. ಹಣವಿಲ್ಲದ ಹಂತದ ಕೆಲಸ ಮಾಡಿದರೆ ಎಸ್ಕ್ರೋ ನಿಮ್ಮನ್ನು ಕಾಯುವುದಿಲ್ಲ. "ಹಣ ಇಟ್ಟಾಗಿದೆ" ಅಂತ ಇಮೇಲ್ ಬಂದರೂ ಅದರ ಲಿಂಕ್ ಒತ್ತದೆ, ನೀವೇ ಲಾಗಿನ್ ಆಗಿ ಆರ್ಡರ್ ಪುಟದಲ್ಲಿ ನೋಡಿ. ಇಂಥ ಇಮೇಲ್ ಮಾಡಿಕಳಿಸಿ ಮೋಸ ಮಾಡುವುದು ಹಳೆಯ ದಂಧೆ.

ಮಳೆಗಾಲದವರು ನೆನಪಿಡಬೇಕಾದ ಇನ್ನೊಂದು ನಿಯಮ ಇದೆ. ಗಿರಾಕಿ ಎಸ್ಕ್ರೋ ಹಣವನ್ನು ವಾಪಸ್ ಕೇಳಿದರೆ ಕೆಲಸ ಮಾಡುವವರು 7 ದಿನದೊಳಗೆ ಉತ್ತರಿಸಬೇಕು. ಉತ್ತರ ಹೋಗದಿದ್ದರೆ ಹಣ ಗಿರಾಕಿಗೆ ಮರಳುತ್ತದೆ. ಇಲ್ಲಿ ನಿಮ್ಮ ಮೌನ ನಿಮಗೇ ವಿರುದ್ಧ. ಘಟ್ಟದ ಮೇಲೆ ಒಂದು ವಾರ ನೆಟ್‌ವರ್ಕ್ ಇಲ್ಲದಿದ್ದರೆ ಪೇಟೆಗೆ ಹೋಗಿಯಾದರೂ ಒಮ್ಮೆ ಲಾಗಿನ್ ಆಗುವುದು ಒಳ್ಳೆಯದು.

ಫೈವರ್‌ನಲ್ಲಿ ಎಣಿಕೆ ಇನ್ನೂ ಬೇಗ. ಕೆಲಸ ಕೊಟ್ಟ ಮೇಲೆ ಗಿರಾಕಿ 3 ದಿನ ಸುಮ್ಮನಿದ್ದರೆ ಆರ್ಡರ್ ತಾನಾಗಿ ಮುಗಿದಂತೆ. ಆದರೆ ಹಣ ಕೈಗೆ ಬರಲು ಸಾಮಾನ್ಯವಾಗಿ ಇನ್ನೂ 14 ದಿನ ಕಾಯಬೇಕು. ಗಿರಾಕಿಯ ಕಡೆಯಿಂದ ನೋಡಿದರೆ 3 ದಿನ ತೀರಾ ಕಡಿಮೆ. ನಮ್ಮ ಹೋಮ್‌ಸ್ಟೇ ಯಜಮಾನರಂಥವರು ಅದರಲ್ಲಿ ಆರ್ಡರ್ ಮಾಡಿದರೆ, ಔಷಧಿ ಹೊಡೆದು ಮುಗಿಸಿ ಫೋನ್ ನೋಡುವಷ್ಟರಲ್ಲಿ ಹಂತ ಮುಗಿದುಹೋಗಿರುತ್ತದೆ.

ಫ್ರೀಲ್ಯಾನ್ಸರ್ ಡಾಟ್ ಕಾಮ್ ಇದಕ್ಕೆ ಪೂರ್ತಿ ಬೇರೆ. ಅಲ್ಲಿ ಹಂತದ ಹಣ ಇಟ್ಟ ಮೇಲೆ ಗಿರಾಕಿ ಬಿಡುಗಡೆ ಮಾಡಬೇಕು, ಇಲ್ಲವೇ ಕೆಲಸ ಮಾಡುವವರು ವಾಪಸ್ ಬಿಡಬೇಕು. ಗಿರಾಕಿ ಒಬ್ಬರೇ ಅದನ್ನು ಎಳೆದುಕೊಳ್ಳಲು ಬರುವುದಿಲ್ಲ, ದಿನ ಕಳೆದ ಮಾತ್ರಕ್ಕೆ ತಾನಾಗಿ ನಿಮ್ಮ ಕೈಗೂ ಬರುವುದಿಲ್ಲ. ಇಬ್ಬರೂ ಸುಮ್ಮನಿದ್ದರೆ ಹಣ ಅಲ್ಲಿಯೇ ಕೂತಿರುತ್ತದೆ. ಬಿಡಿಸಬೇಕಾದರೆ ವ್ಯಾಜ್ಯ ತೆರೆಯಬೇಕು. ಮಧ್ಯಸ್ಥಿಕೆಯವರೆಗೆ ಹೋದರೆ ಅದಕ್ಕೆ ಬೇರೆ ಶುಲ್ಕ. ಅಲ್ಲಿ ಹಂತಕ್ಕೆ ನೀವು ಕಳಿಸುವ ಕೋರಿಕೆ ಕೋರಿಕೆ ಮಾತ್ರ. ಗಿರಾಕಿ ಹಣ ಇಟ್ಟು ಹಂತ ಸೃಷ್ಟಿಸಿದ ಮೇಲೆಯೇ ಅದಕ್ಕೆ ಬೆಲೆ.

ಹಾಗಾದರೆ ವಿದೇಶಿ ಗಿರಾಕಿಗೆ ಯಾವುದು? ನಾನಾದರೆ, ಕೆಲಸ ಮಾಡುವವಳ ಜಾಗದಲ್ಲಿ ನಿಂತು, ಅಪ್‌ವರ್ಕ್‌ನಂಥ ತಾನಾಗಿ ಬಿಡುಗಡೆಯಾಗುವ ನಿಯಮ ಇರುವಲ್ಲಿ ಹೋಗುತ್ತೇನೆ. ಕೆಲಸ ಮಾಡಿಸುವವಳಾದರೆ, ನೋಡಲು ಸಮಯ ಸಿಗದು ಅಂತ ಗೊತ್ತಿದ್ದರೆ, ಫ್ರೀಲ್ಯಾನ್ಸರ್ ಡಾಟ್ ಕಾಮ್ ನಿಯಮ ನನಗೆ ಹೆಚ್ಚು ಅನುಕೂಲ.

ಈಗ ಬೆಲೆ. ಕೆಲಸ ಮಾಡಿದವರಿಂದ ಫೈವರ್ ಶೇ. 20 ತೆಗೆದುಕೊಳ್ಳುತ್ತದೆ. ಫ್ರೀಲ್ಯಾನ್ಸರ್ ಡಾಟ್ ಕಾಮ್ ನಿಗದಿತ ಬೆಲೆಯ ಕೆಲಸಕ್ಕೆ ಶೇ. 10. ಅಪ್‌ವರ್ಕ್ ಕೆಲಸ ನೋಡಿ ಸೊನ್ನೆಯಿಂದ ಶೇ. 15ರವರೆಗೆ. ನಮ್ಮ 60,000ದ ಆರ್ಡರ್ ಫೈವರ್‌ನಲ್ಲಿ ಹೋದರೆ 12,000 ಹೋಯಿತು, ಫ್ರೀಲ್ಯಾನ್ಸರ್‌ನಲ್ಲಾದರೆ 6,000. ಗಿರಾಕಿಯಿಂದಲೂ ಬೇರೆ ಶುಲ್ಕ ಇದೆ. ಡಾಲರ್ ರೂಪಾಯಿ ಮಾಡುವಾಗಲೂ ಸ್ವಲ್ಪ ಸೋರುತ್ತದೆ. ಈ ಲೆಕ್ಕವನ್ನು ಹಿಂದಿನದರ ಪಕ್ಕದಲ್ಲಿಟ್ಟು ನೋಡಿ. ನೇರ ದಾರಿಯಲ್ಲಿ ಎಲ್ಲ ಕೆಟ್ಟರೂ ಒಬ್ಬರಿಗೆ ಆಗುವ ನಷ್ಟ 10,000, ಅದೂ ಆದರೆ ಮಾತ್ರ. ಫೈವರ್, ಫ್ರೀಲ್ಯಾನ್ಸರ್‌ನಂಥ ವೇದಿಕೆಯಲ್ಲಿ 6,000ದಿಂದ 12,000 ಖಂಡಿತವಾಗಿ ಹೋಗುತ್ತದೆ. ಶಿರಸಿ ಮತ್ತು ಕಾರವಾರದ ನಡುವಿನ ಕೆಲಸಕ್ಕೆ ವೇದಿಕೆ ದುಬಾರಿ ಅಂತ ನಾನು ಹೇಳುವುದು ಇದಕ್ಕೇ. ಆದರೆ ಗಿರಾಕಿ ಸಿಕ್ಕಿದ್ದೇ ವೇದಿಕೆಯಲ್ಲಿ ಅಂದರೆ ಶುಲ್ಕ ಉಳಿಸಲು ಹೊರಗೆ ಕರೆದು ಹಣ ತೆಗೆದುಕೊಳ್ಳಬೇಡಿ. ನಿಯಮ ಮುರಿದಂತಾಗಿ ಖಾತೆಯೇ ಮುಚ್ಚಿಹೋಗಬಹುದು, ಹೊರಗಿನ ಹಣಕ್ಕೆ ಎಸ್ಕ್ರೋ ರಕ್ಷಣೆಯೂ ಇರುವುದಿಲ್ಲ.

ನಡುವೆ ಪರಿಚಯದವರು

ನಮ್ಮಲ್ಲಿ ಇನ್ನೊಂದು ದಾರಿಯೂ ಇದೆ. ಇಬ್ಬರಿಗೂ ಬೇಕಾದ ಒಬ್ಬರ ಖಾತೆಯಲ್ಲಿ 60,000 ಇಟ್ಟು, ಹಂತ ಮುಗಿದಂತೆ ಅವರು ಕೊಡುವುದು. ಹೆಚ್ಚಾಗಿ ಭಾವನೋ, ಊರಿನ ಅಕೌಂಟೆಂಟೋ ಇರುತ್ತಾರೆ. ಕೇಳಲು ಚೆನ್ನಾಗಿದೆ. ನನಗೆ ಮಾತ್ರ ಇದು ಹಿಡಿಸುವುದಿಲ್ಲ.

ಅವರ ಖಾತೆಗೆ ಬಂದ ಹಣ ಅವರ ಸ್ವಂತ ಹಣದ ಜೊತೆ ಸೇರಿಹೋಗುತ್ತದೆ. ಆಮೇಲೆ ಯಾರಾದರೂ ಕೇಳಿದರೆ ಇದು ಯಾರ ಹಣ ಅಂತ ಅವರೇ ವಿವರಿಸಬೇಕು. ಅದಕ್ಕಿಂತ ದೊಡ್ಡ ತೊಂದರೆ, ಜಗಳ ಬಂದಾಗ ಅವರು ತೀರ್ಪು ಕೊಡುವುದಿಲ್ಲ. "ಸ್ವಲ್ಪ ನೀನು ಬಿಡು, ಸ್ವಲ್ಪ ಅವರು ಬಿಡ್ತಾರೆ" ಅಂತ ಹೇಳಿ ಮಧ್ಯಕ್ಕೆ ತರುತ್ತಾರೆ. ಪೂರ್ತಿ ಕೆಲಸ ಮಾಡಿದವರಿಗೆ ಅದರಲ್ಲಿ ನಷ್ಟವೇ. ಹುಡುಗಿ ವಯಸ್ಸಿನಲ್ಲಿ ಚಿಕ್ಕವಳು, ಹಿರಿಯರ ಮಾತಿಗೆ ಎದುರು ಆಡಲಾರಳು. ಮಾಡಲೇಬೇಕು ಅಂದರೆ ಪೂರ್ತಿ ಮೊತ್ತ ಬೇಡ, ಒಂದು ಹಂತದ ಹಣ ಮಾತ್ರ ಇಡಿ. ಯಾವ ತಾರೀಕು ಕಳೆದರೆ ಯಾರಿಗೆ ಕೊಡಬೇಕು ಅಂತ ಮೂವರೂ ಇರುವ ವಾಟ್ಸಾಪ್ ಗುಂಪಿನಲ್ಲಿ ಬರೆದಿಡಿ. ಆಗ ಅವರಿಗೂ ತೀರ್ಪಿನ ಭಾರ ಇರುವುದಿಲ್ಲ.

ಕೆಲಸ ಬೆಳೆದರೆ

ಎರಡನೇ ಹಂತ ಮುಗಿಯುವಾಗ ಯಜಮಾನರು ಸಾಮಾನ್ಯವಾಗಿ ಒಂದು ಮಾತು ತೆಗೆಯುತ್ತಾರೆ. "ಕನ್ನಡದಲ್ಲಿ ಆಯ್ತಲ್ಲ, ಇಂಗ್ಲಿಷಿನಲ್ಲೂ ಒಂದು ಹಾಕಿಬಿಡು ತಂಗಿ." ಅವರ ಲೆಕ್ಕದಲ್ಲಿ ಅದು ಸಣ್ಣ ಕೆಲಸ. ಅವಳಿಗೆ ಅದು ಪ್ರತಿ ಪುಟ, ಪ್ರತಿ ಇಮೇಲ್, ಪೇಮೆಂಟ್ ಆದ ಮೇಲೆ ಕಾಣುವ ಪ್ರತಿ ಸಾಲು ಇನ್ನೊಮ್ಮೆ.

ಇದನ್ನು ನಡೆಯುತ್ತಿರುವ ಹಂತದೊಳಗೆ ಸೇರಿಸಿದರೆ ಆ ಹಂತದ ಗಡುವೂ ಹೋಯಿತು, ಹಣವೂ ನಿಂತಿತು. ಬೇಡ ಅನ್ನುವುದೂ ಬೇಡ. ಮೊದಲು ಎರಡನೇ ಹಂತವನ್ನು ಇದ್ದ ಹಾಗೆ ಒಪ್ಪಿಸಿ, ಬಾಕಿ 9,000 ಬರಲಿ. ಇಂಗ್ಲಿಷ್ ಪುಟಗಳಿಗೆ ಐದನೇ ಹಂತ ಅಂತ ಬೇರೆ ಮಾಡಿ, ಉದಾಹರಣೆಗೆ 8,000, ಅದಕ್ಕೂ ಅರ್ಧ ಮುಂಗಡ, ಅದಕ್ಕೂ ಪರೀಕ್ಷೆಯ ಒಂದು ಸಾಲು. ಅಪ್‌ವರ್ಕ್‌ನಲ್ಲಾದರೆ ಅದೇ ಕಾಂಟ್ರಾಕ್ಟಿನಲ್ಲಿ ಹೊಸ ಹಂತ ಸೇರಿಸಿ, ಗಿರಾಕಿ ಅದಕ್ಕೆ ಹಣ ಇಟ್ಟ ಮೇಲೆ ಶುರು ಮಾಡಿ. ಅನುವಾದ ಯಾರು ಮಾಡಬೇಕು ಅನ್ನುವುದನ್ನೂ ಅದರಲ್ಲೇ ಬರೆಯಿರಿ. ಇಲ್ಲದಿದ್ದರೆ ಹೋಮ್‌ಸ್ಟೇಯ ಊಟದ ಪಟ್ಟಿಯಲ್ಲಿರುವ ತಂಬುಳಿಗೂ ಅಪ್ಪೆಹುಳಿಗೂ ಇಂಗ್ಲಿಷಿನಲ್ಲಿ ಏನು ಬರೆಯಬೇಕು ಅನ್ನುವ ಚರ್ಚೆಯಲ್ಲೇ ದಸರಾ ಬಂದುಬಿಡುತ್ತದೆ.